ಭಾವ ಏಣಿ ಹತ್ತಿದ್ದು ಯಾಕೆ ಅಂದರೆ

ಹೋದ ಭಾನುವಾರ ಬೆಣ್ಣೆ ದೋಸೆ ತಿನ್ನೋಣ ಅಂತ ದಾವಣಗೆರೆಗೆ, ಅಕ್ಕನ ಮನೆಗೆ ಹೋದೆ. ಹೋದವನು ಏಣಿ ಹಿಡಿದುಕೊಂಡು ನಿಲ್ಲಬೇಕಾಯಿತು. ಏಣಿಯ ಮೇಲೆ 58 ವರ್ಷದ ಭಾವ. ಒಂದು ಕೈಲಿ ಗೋಡೆ, ಇನ್ನೊಂದು ಕೈಲಿ ಅಕ್ಕನ ಸೆರಗಿನ ಪಿನ್ನು. ಗೇಟಿನ ಮೇಲಿರುವ ಸಿಸಿಟಿವಿ ಕ್ಯಾಮೆರಾದ ಬೆನ್ನಲ್ಲಿ ಒಂದು ಸಣ್ಣ ತೂತಿದೆಯಲ್ಲ, ಅದಕ್ಕೆ ಪಿನ್ನು ಚುಚ್ಚಿ ಹತ್ತು ಎಣಿಸಬೇಕು. ಭಾವ ಎಂಟಕ್ಕೇ ಕೈ ತೆಗೆಯುತ್ತಿದ್ದರು. ಮತ್ತೆ ಮೊದಲಿಂದ.

ಇಷ್ಟಕ್ಕೆಲ್ಲ ಕಾರಣ ಏನು? ಹಿಂದಿನ ರಾತ್ರಿ ವೈಫೈ ಪಾಸ್‌ವರ್ಡ್ ಬದಲಿಸಿದ್ದರು. ಅಷ್ಟೇ.

ಬದಲಿಸಿದ್ದಕ್ಕೂ ಕಾರಣ ಇತ್ತು. ಆರು ತಿಂಗಳ ಹಿಂದೆ ಅವರ ಗೃಹಪ್ರವೇಶ. ಬಂದವರೆಲ್ಲ ಕೇಳುತ್ತಾರೆ ಅಂತ ಅಕ್ಕನ ಮಗ, ನಮ್ಮ ಅಳಿಯರಾಯ, ಪಾಸ್‌ವರ್ಡನ್ನು ದೊಡ್ಡದಾಗಿ ಬರೆದು ಹಾಲಿನ ಗೋಡೆಗೆ ಅಂಟಿಸಿದ್ದ. ಅಡುಗೆಯವರು, ಪೆಂಡಾಲ್ ಹುಡುಗರು, ಪಕ್ಕದ ಮನೆಯವರು, ಮಹಡಿಯ ಬಾಡಿಗೆಯವರು, ಎಲ್ಲರ ಫೋನಿನಲ್ಲೂ ಅದು ಉಳಿದುಕೊಂಡಿತು. ಕಾಗದ ಕಿತ್ತು ಹಾಕಿದರು, ಫೋನುಗಳಿಂದ ಕೀಳೋದು ಹೇಗೆ? ಪಕ್ಕದ ಮನೆ ಹುಡುಗನಂತೂ ಕಾಂಪೌಂಡಿಗೆ ಒರಗಿ ಕೂತು ದಿನಾ ಕ್ರಿಕೆಟ್ ನೋಡುತ್ತಿದ್ದ. ಪಾಪ, ಅವನದೇನೂ ತಪ್ಪಿಲ್ಲ. ನೀವೇ ಕೊಟ್ಟಿದ್ದು ತಾನೆ?

ಭಾವ ಮೊದಲು ಬುದ್ಧಿವಂತಿಕೆಯನ್ನೇ ತೋರಿಸಿದ್ದರು. ರೂಟರಿನ ಆ್ಯಪ್ ತೆಗೆದು ಆ ಹುಡುಗನ ಫೋನನ್ನು ಬ್ಲಾಕ್ ಮಾಡಿದರು. ಎರಡೇ ದಿನ. ಅವನು ಫೋನಿನ ವೈಫೈ ಸೆಟ್ಟಿಂಗಿಗೆ ಹೋಗಿ ಮ್ಯಾಕ್ ವಿಳಾಸದ ಆಯ್ಕೆ ಬದಲಿಸಿದ, ಹೊಸ ಫೋನಿನ ಹಾಗೆ ಒಳಗೆ ಬಂದ. ಫೋನು ತನ್ನ ಗುರುತು ಅಂತ ವೈಫೈಗೆ ಕೊಡುವ ನಂಬರೇ ಈ ಮ್ಯಾಕ್. ರೂಟರು ಬ್ಲಾಕ್ ಮಾಡುವುದು ಆ ನಂಬರನ್ನು, ಫೋನನ್ನಲ್ಲ. ಆಂಡ್ರಾಯ್ಡ್ 10, ಐಓಎಸ್ 14 ಬಂದ ಮೇಲೆ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಸುಳ್ಳು ನಂಬರ್ ಕೊಡುತ್ತವೆ. ಅದು ಒಳ್ಳೆಯದಕ್ಕೇ ಮಾಡಿದ್ದು. ಆದರೆ ನಂಬರ್ ನೋಡಿ ಬ್ಲಾಕ್ ಮಾಡುವ ಕಾಲ ಅಲ್ಲಿಗೇ ಮುಗಿಯಿತು.

ಆಮೇಲೆ ಉಳಿದಿದ್ದು ಒಂದೇ ದಾರಿ. ಒಬ್ಬನನ್ನು ಹೊರಗೆ ಹಾಕೋಕೆ ಎಲ್ಲರನ್ನೂ ಹೊರಗೆ ಹಾಕೋದು. ಆ ಮನೆಯಲ್ಲಿ 19 ಸಾಮಾನು ವೈಫೈಗೆ ಅಂಟಿಕೊಂಡಿದ್ದವು, ನಾನೇ ಎಣಿಸಿದೆ. ಫೋನುಗಳು ಸುಲಭ, ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಆಯಿತು. ಟಿವಿಯಲ್ಲಿ ರಿಮೋಟಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಗೀಸರಿನ ಸ್ಮಾರ್ಟ್ ಪ್ಲಗ್ ಅಂತೂ ಬಟನ್ ಒತ್ತಿ ಹಿಡಿದು, ದೀಪ ಮಿನುಗಿದ ಮೇಲೆ ಆ್ಯಪಿನಲ್ಲಿ ಮತ್ತೆ ಸೇರಿಸಬೇಕು. ಪ್ರಿಂಟರ್ ಏನು ಮಾಡಿದರೂ ಬರಲಿಲ್ಲ. ಕ್ಯಾಮೆರಾ ಕಥೆ ಹೇಳಿದೆನಲ್ಲ. ದೋಸೆ ಮಧ್ಯಾಹ್ನ ಎರಡಕ್ಕೆ ಸಿಕ್ಕಿತು, ಆರಿ ಹೋಗಿತ್ತು. ಆ ಸಿಟ್ಟು ಇನ್ನೂ ಇದೆ.

ನನ್ನ ತಕರಾರು ಇಷ್ಟೇ. ಮನೆಯಲ್ಲಿ ಆರು ಜನ, ಮಹಡಿಯಲ್ಲಿ ಬಾಡಿಗೆಯವರು, ಬಂದು ಹೋಗುವ ನೆಂಟರು. ಇಷ್ಟು ಜನಕ್ಕೆಲ್ಲ ಒಂದೇ ಪಾಸ್‌ವರ್ಡ್ ಯಾಕೆ? ವೈಫೈ ಹೆಸರು ಒಂದೇ ಇರಲಿ, ಪಾಸ್‌ವರ್ಡ್ ಒಬ್ಬೊಬ್ಬರಿಗೆ ಒಂದೊಂದು ಇರಬಹುದು. ಇದೇನು ನಾಳೆ ಬರುವ ತಂತ್ರಜ್ಞಾನ ಅಲ್ಲ. ದೊಡ್ಡ ಹೋಟೆಲು, ಹಾಸ್ಟೆಲುಗಳಿಗೆ ಮಾರುವ ಸಾಮಾನಿನಲ್ಲಿ ಎಷ್ಟೋ ವರ್ಷದಿಂದ ಇದೆ. ಒಂದು ಕಂಪನಿ ಪಿಪಿಎಸ್‌ಕೆ ಅನ್ನುತ್ತದೆ, ಇನ್ನೊಂದು ಡಿಪಿಎಸ್‌ಕೆ, ಮತ್ತೊಂದು ಎಂಪಿಎಸ್‌ಕೆ. ಹೆಸರು ಮೂರು, ಸಂಗತಿ ಒಂದೇ. ಈಗ ಮನೆಗೆ ತರುವ ಸ್ವಲ್ಪ ಮೇಲ್ದರ್ಜೆಯ ರೂಟರುಗಳಲ್ಲೂ ಸಿಗುತ್ತದೆ. ಇಂಟರ್‌ನೆಟ್ ಕೊಡುವವರು ಗೋಡೆಗೆ ಹೊಡೆದು ಹೋಗುವ ಡಬ್ಬಿಗಳಲ್ಲಿ ಮಾತ್ರ ನಾನು ಇದುವರೆಗೆ ಕಂಡಿಲ್ಲ.

ಮೇಲಿನಿಂದ ಇಳಿದ ಭಾವ ಬೆವರು ಒರೆಸಿಕೊಳ್ಳುತ್ತಾ ಹೇಳಿದ ಮಾತು: "ಅಲ್ಲಪ್ಪಾ, ಮನೆ ಅಂದ್ರೆ ಏನು ಆಫೀಸಾ? ಮನೆಯವರಿಗೇ ಬೇರೆ ಬೇರೆ ಪಾಸ್‌ವರ್ಡ್ ಕೊಟ್ರೆ ನಂಬಿಕೆ ಇಲ್ಲ ಅಂತ ಆಗಲ್ವಾ?"

ಭಾವಾ, ನಿಮ್ಮ ಮನೆಯಲ್ಲಿ ಆರು ಜನಕ್ಕೆ ಆರು ಟೂತ್‌ಬ್ರಶ್ ಇದೆ. ನಂಬಿಕೆ ಇಲ್ಲ ಅಂತಲಾ?

ಗೆಸ್ಟ್ ವೈಫೈ ಇದೆಯಲ್ಲ ಅಂತ ಇನ್ನು ಕೆಲವರು ಕಾಮೆಂಟಿನಲ್ಲಿ ಹೇಳುತ್ತೀರಿ, ಗೊತ್ತು. ಅದಕ್ಕೂ ಒಂದೇ ಪಾಸ್‌ವರ್ಡ್ ಸ್ವಾಮಿ. ಬಾಡಿಗೆಯವರಿಗೂ ಅದೇ, ಪೆಂಡಾಲಿನವರಿಗೂ ಅದೇ. ಒಂದು ರೋಗ ಇದ್ದ ಕಡೆ ಎರಡಾಯಿತು.

ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಅನ್ನೋದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ. ವೈಫೈಗೆ ಬೀಗ ಹಾಕುವ ಒಂದು ಪದ್ಧತಿ ಡಬ್ಲ್ಯೂಪಿಎ2. ಅದರಲ್ಲಿ ನಿಮ್ಮ ಫೋನು ಪಾಸ್‌ವರ್ಡನ್ನು ರೂಟರಿಗೆ ಕಳಿಸುವುದೇ ಇಲ್ಲ. ಮೊದಲು ರೂಟರು ಒಂದು ಯದ್ವಾತದ್ವಾ ಸಂಖ್ಯೆ ಕಳಿಸುತ್ತದೆ. ಫೋನು ತನ್ನದೂ ಒಂದು ಸಂಖ್ಯೆ ಸೇರಿಸಿ, ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿಯ ಜೊತೆ ಅರೆದು, ಉತ್ತರದ ಮೇಲೆ ಒಂದು ಮುದ್ರೆ ಒತ್ತಿ ಕಳಿಸುತ್ತದೆ. ರೂಟರು ತನ್ನ ಹತ್ತಿರ ಇರುವ ಕೀಲಿಯಿಂದ ಅದೇ ಮುದ್ರೆ ಬರುತ್ತದಾ ಅಂತ ನೋಡುತ್ತದೆ. ಇಲ್ಲೇ ಇರೋದು ಚೆಂದ. ರೂಟರಿನ ಹತ್ತಿರ ಒಂದರ ಬದಲು ಹತ್ತು ಕೀಲಿ ಇದ್ದರೆ? ಒಂದೊಂದನ್ನೂ ಹಾಕಿ ನೋಡುತ್ತದೆ. ಮೂರನೆಯದು ಹೊಂದಿತು, ಓ ಇದು ಅಜ್ಜಿ. ಫೋನಿಗೆ ಈ ವಿಷಯ ಗೊತ್ತೇ ಆಗಲ್ಲ. ಹಳೇ ಫೋನು, ಹಳೇ ಪ್ರಿಂಟರು, ಎಲ್ಲದಕ್ಕೂ ನಡೆಯುತ್ತದೆ.

ಸಂಜೆ ಚಿತ್ರದುರ್ಗಕ್ಕೆ ವಾಪಸ್ ಬಂದು, ನಮ್ಮನೆಯಲ್ಲಿ ಬಿದ್ದಿದ್ದ ಲಿನಕ್ಸ್ ಹಾಕಿದ ಹಳೇ ರೂಟರು ತೆಗೆದುಕೊಂಡು ಮಾರನೇ ದಿನ ಮತ್ತೆ ಹೋದೆ. (ನನ್ನ ಹೆಂಡತಿ ಇದಕ್ಕೆ ಏನೆಂದಳು ಅನ್ನೋದು ಇಲ್ಲಿ ಬೇಡ.) ಗೋಡೆಯ ಡಬ್ಬಿಯ ವೈಫೈ ಬಂದ್ ಮಾಡಿ, ಇದನ್ನು ಅದರ ಹಿಂದೆ ಸಿಕ್ಕಿಸಿ, ಅದೇ ವೈಫೈ ಹೆಸರು ಇಟ್ಟೆ. hostapd ಅಂತ ಒಂದು ತಂತ್ರಾಂಶ, ವೈಫೈ ಹಂಚುವ ಕೆಲಸ ಅದರದು. ಅದಕ್ಕೆ ಒಂದು ಕಡತದಲ್ಲಿ ಹೀಗೆ ಬರೆದುಕೊಟ್ಟರೆ ಸಾಕು:

```
keyid=akka 00:00:00:00:00:00 mallige-dande-27
keyid=ajji 00:00:00:00:00:00 hurihittu-bella-48
keyid=mahadi 00:00:00:00:00:00 mettilu-kelage-93
```

ಸಾಲು ಸೊನ್ನೆಗಳು ಅಂದರೆ ಯಾವ ಫೋನಿನಿಂದ ಬಂದರೂ ಸರಿ ಅಂತ. ಆ ಜಾಗದಲ್ಲಿ ಒಂದು ಮ್ಯಾಕ್ ನಂಬರ್ ಹಾಕಿದರೆ ಆ ಪಾಸ್‌ವರ್ಡ್ ಆ ಒಂದು ಸಾಮಾನಿಗೇ ಮೀಸಲು. ಭಾವ ಕಷ್ಟಪಟ್ಟು ಕ್ಯಾಮೆರಾ, ಪ್ಲಗ್ಗಿಗೆಲ್ಲ ತುಂಬಿದ್ದ ಪಾಸ್‌ವರ್ಡನ್ನು ಸಾಮಾನುಗಳಿಗೇ ಬಿಟ್ಟುಕೊಟ್ಟೆ, ಇನ್ನು ಮುಂದೆ ಅದನ್ನು ಮನುಷ್ಯರಿಗೆ ಕೊಡಬಾರದು. ಇನ್ನೊಮ್ಮೆ ಏಣಿ ಬೇಡ. ಮಹಡಿಯವರು ಮನೆ ಖಾಲಿ ಮಾಡಿದ ದಿನ ಮೂರನೇ ಸಾಲು ಅಳಿಸಿ ಹೊಸದಾಗಿ ಓದಿಸಿದರೆ ಮುಗಿಯಿತು, ಅಜ್ಜಿಯ ಫೋನಿಗೆ ಏನೂ ಆಗಲ್ಲ.

ಒಂದು ತೊಂದರೆ ಇದೆ, ಮುಚ್ಚಿಡಲ್ಲ. ಇದು ಹೊಸ ಪದ್ಧತಿಯಾದ ಡಬ್ಲ್ಯೂಪಿಎ3ರಲ್ಲಿ ನಡೆಯಲ್ಲ. ಅಲ್ಲಿ ಮೊದಲ ಮಾತಿನಿಂದಲೇ ಎರಡೂ ಕಡೆಯವರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡು ಲೆಕ್ಕ ಶುರು ಮಾಡಬೇಕು. ಬಂದವರು ಯಾರು ಅಂತ ಗೊತ್ತಿಲ್ಲದೆ ರೂಟರು ಯಾವ ಪಾಸ್‌ವರ್ಡಿನಿಂದ ಶುರು ಮಾಡಬೇಕು? ಆಮೇಲೆ ಒಂದೊಂದೇ ಹಾಕಿ ನೋಡುವ ಅವಕಾಶವೇ ಇಲ್ಲ. ಪಾಸ್‌ವರ್ಡಿನ ಜೊತೆ ಒಂದು ಹೆಸರನ್ನೂ ಕಳಿಸುವ ಏರ್ಪಾಟು ನಿಯಮದಲ್ಲಿದೆ, ಆದರೆ ನಮ್ಮ ಫೋನುಗಳಲ್ಲಿ ಆ ಹೆಸರು ತುಂಬಲು ಜಾಗ ಎಲ್ಲಿದೆ? ನಾನು ಮೊದಲ ಸಲ ಇದನ್ನು ಮಾಡಿದಾಗ ಡಬ್ಲ್ಯೂಪಿಎ2, 3 ಎರಡೂ ಇರಲಿ ಅಂತ ಬಿಟ್ಟಿದ್ದೆ. ಹಳೇ ಫೋನುಗಳೆಲ್ಲ ಸಲೀಸಾಗಿ ಬಂದವು, ಹೊಸ ಫೋನುಗಳು ಮಾತ್ರ ಪಾಸ್‌ವರ್ಡ್ ತಪ್ಪು ಅಂದವು. ಹೊಸವು 3ನ್ನೇ ಹಿಡಿಯುತ್ತವೆ ಅಂತ ಹೊಳೆಯೋಕೆ ಒಂದು ರಾತ್ರಿ ಬೇಕಾಯಿತು. ನಿಮಗೂ ಹೀಗೆ ಆದರೆ ಡಬ್ಲ್ಯೂಪಿಎ2 ಒಂದನ್ನೇ ಇಡಿ. 6 ಗಿಗಾಹರ್ಟ್ಸ್ ವೈಫೈನಲ್ಲಿ 3 ಕಡ್ಡಾಯ, ಹಾಗಾಗಿ ಅಲ್ಲಿ ಈ ಆಟ ಇಲ್ಲ. ಡಬ್ಲ್ಯೂಪಿಎ3 ಜಾಸ್ತಿ ಭದ್ರ ಅಲ್ವಾ ಅಂದರೆ, ಹೌದು. ಆದರೆ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದವರಿಗೆ ಯಾವ ನಂಬರಿನ ಭದ್ರತೆ ಕೊಟ್ಟು ಏನು?

ಇನ್ನೊಂದು, ಅತಿಬುದ್ಧಿ ಬೇಡ. ಒಂದೊಂದು ಪಾಸ್‌ವರ್ಡಿನವರನ್ನು ಒಂದೊಂದು ಪ್ರತ್ಯೇಕ ನೆಟ್‌ವರ್ಕಿಗೆ ಹಾಕಲೂ ಬರುತ್ತದೆ. ನಮ್ಮನೆಯಲ್ಲಿ ಹಾಗೇ ಮಾಡಿ ಮೆರೆದಿದ್ದೆ. ಸಂಜೆ ಹೆಂಡತಿಯ ಫೋನಿಗೆ ಟಿವಿ ಕಾಣಿಸಲೇ ಇಲ್ಲ. ಟಿವಿ ತನ್ನ ಇರುವಿಕೆಯನ್ನು ತನ್ನ ನೆಟ್‌ವರ್ಕಿನೊಳಗೆ ಮಾತ್ರ ಕೂಗಿ ಹೇಳುತ್ತದೆ, ಗೋಡೆಯಾಚೆ ಕೇಳಲ್ಲ. ಅಕ್ಕನ ಮನೆಯಲ್ಲಿ ಮಹಡಿಯವರನ್ನು ಮಾತ್ರ ಬೇರೆ ಇಟ್ಟೆ.

ಭಾವನ ಮೇಲೆ ಇಷ್ಟು ಹಾರಾಡುತ್ತಿದ್ದೇನಲ್ಲ, ನನ್ನದೂ ಒಂದು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮಗ ರಾತ್ರಿಯೆಲ್ಲ ಗೇಮ್ ಆಡುತ್ತಾನೆ ಅಂತ ಸಿಟ್ಟು ಬಂದು ಪಾಸ್‌ವರ್ಡ್ ಬದಲಿಸಿ ಮಲಗಿದೆ. ಅಮ್ಮನ ಟ್ಯಾಬಿಗೆ ಹೊಸದು ಹಾಕಲು ಮರೆತೆ. ಅವರು ದಿನಾ ಬೆಳಗ್ಗೆ ಹುಬ್ಬಳ್ಳಿಯ ತಂಗಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ಟ್ಯಾಬ್ ಹಾಳಾಯಿತು, ಮಗನಿಗೆ ಮತ್ತೆ ಖರ್ಚು ಅಂದುಕೊಂಡು ನಾಲ್ಕು ದಿನ ಬಾಯಿಬಿಡದೆ ಸುಮ್ನೆ ಕೂತಿದ್ದರು. ನನ್ನ ಮಗನೋ, ಅದೇ ದಿನ ಮೊಬೈಲ್ ಡೇಟಾದಲ್ಲಿ ಆಡಿದ್ದ. ಈ ವಿಷಯಕ್ಕೆ ನನಗೆ ಇಷ್ಟು ಕೋಪ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ನಿನ್ನೆ ಮತ್ತೆ ಅಕ್ಕನ ಮನೆಗೆ ಹೋಗಿ ರೂಟರಿನ ಲಾಗ್ ನೋಡಿದೆ. ಯಾರ ಕೀಲಿಯಿಂದ ಯಾವಾಗ ಫೋನು ಸೇರಿತು ಅನ್ನೋದಷ್ಟೇ ಅದರಲ್ಲಿ ಇರುತ್ತದೆ, ಏನು ನೋಡಿದರು ಅನ್ನೋದು ಇರಲ್ಲ. ಅಕ್ಕ ಅಳಿಯನಿಗೆ ರಾತ್ರಿ ಹನ್ನೊಂದಕ್ಕೆ ನೆಟ್ ಕಟ್ ಅಂತ ಕಟ್ಟಪ್ಪಣೆ ಮಾಡಿದ್ದಳು, ಅವನ ಕೀಲಿಗೆ ಹಾಗೇ ಮಾಡಿಕೊಟ್ಟಿದ್ದೆ. ಲಾಗಿನಲ್ಲಿ ಅವನ ಹೆಸರು ಹನ್ನೊಂದರ ಮೇಲೆ ಇಲ್ಲವೇ ಇಲ್ಲ. ಎಷ್ಟು ಒಳ್ಳೆ ಹುಡುಗ. ಆದರೆ ರಾತ್ರಿ 12:40ಕ್ಕೆ, 1:15ಕ್ಕೆ, ಸತತ ನಾಲ್ಕು ದಿನ ಈ ಸಾಲು:

```
AP-STA-CONNECTED 9e:41:07:c2:5a:10 keyid=ajji
```

82 ವರ್ಷದ ಅಜ್ಜಿ, ಎಂಟೂವರೆಗೆ ಮಜ್ಜಿಗೆ ಕುಡಿದು ಮಲಗುವವರು. ಅವರ ಫೋನಿನ ಮ್ಯಾಕ್ ನಂಬರ್ ನೋಡಿದರೆ ಬೇರೆ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಹೆಸರಿನ ಪಕ್ಕ ಶೇರ್ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದಲ್ಲ, ಅದರಿಂದ ಹತ್ತು ಸೆಕೆಂಡಿನ ಕೆಲಸ.

ಅಜ್ಜಿಯ ಪಕ್ಕ ಕೂತು ಮೆಲ್ಲಗೆ ಕೇಳಿದೆ, "ಅಜ್ಜೀ, ಮೊಮ್ಮಗ ನಿಮ್ಮ ಫೋನ್ ಮುಟ್ಟಿದ್ದನಾ?"

"ಅವ್ನು ಯಾಕ್ ಮುಟ್ತಾನೆ? ನಾನೇ ಕರೆದು ಕೊಟ್ಟೆ. ಹುಡುಗ್ರು ಓದ್ಕೊಳ್ಳೋದು ರಾತ್ರಿನೇ ಅಲ್ವೇನಪ್ಪಾ?"

ಅಕ್ಕನಿಗೆ ಇನ್ನೂ ಹೇಳಿಲ್ಲ. ಅಕ್ಕ ಫೇಸ್‌ಬುಕ್ ನೋಡಲ್ಲ, ಅವಳ ಫ್ರೆಂಡ್ಸ್ ಯಾರಾದರೂ ಇದ್ದರೆ ದಯವಿಟ್ಟು ಸುಮ್ನಿರಿ.