ನೋಟರಿ ಆಗಿದೆ ಅಂದ್ರೆ ರಿಜಿಸ್ಟರ್ ಆಗಿದೆ ಅಂತಲ್ಲ ಮಾರಾಯ್ರೇ

"ನೋಟರಿ ಆಗಿದೆ ಸಾರ್, ಏನೂ ತೊಂದ್ರೆ ಇಲ್ಲ."

ಈ ಮಾತು ಕೇಳಿದರೆ ಈಗೀಗ ನನಗೆ ತಲೆ ಕೆಡುತ್ತೆ. ಇವತ್ತು ಕೋರ್ಟಿನಿಂದ ಬಂದವನು ಊಟಕ್ಕೂ ಕೂರದೆ ಇದನ್ನು ಬರೀತಿದ್ದೇನೆ. ನಾನು ಸಿವಿಲ್ ಕೇಸು ನಡೆಸೋನು ಅಂತ ನಿಮಗೆ ಗೊತ್ತು. ಬರೀ ನೋಟರಿ ಆದ ಇಂಥ ಸೈಟಿನ ಬಾಂಡುಗಳಿಂದಲೇ ನನ್ನ ಆಫೀಸಿನ ಬಾಡಿಗೆ ಹುಟ್ಟೋದು ಅನ್ನೋದೂ ಗೊತ್ತಿರಲಿ. ಹಾಗಾಗಿ ನಾನು ಸಿಟ್ಟು ಮಾಡ್ಕೊಳ್ಳೋದು ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡ ಹಾಗೆ. ಆದರೂ ಬರೀತೀನಿ.

ಕಕ್ಷಿದಾರರ ಗುರುತು ಬಿಟ್ಟುಕೊಡದೆ ಹೇಳ್ತೀನಿ. ಒಬ್ಬರು ಲಾರಿ ಓಡಿಸಿ ಕೂಡಿಟ್ಟ ದುಡ್ಡಲ್ಲಿ 2016ರಲ್ಲಿ ಊರಾಚೆ ಒಂದು 30×40 ಸೈಟು ತಗೊಂಡರು. ಬೆಲೆ 12 ಲಕ್ಷ. ಪೂರ್ತಿ ದುಡ್ಡು ಕೊಟ್ಟಾಯ್ತು. ಪಂಚಾಯಿತಿಯಲ್ಲಿ ಇ-ಸ್ವತ್ತು ಖಾತೆ ಆಗಿರಲಿಲ್ಲ, ಆದ್ದರಿಂದ ರಿಜಿಸ್ಟ್ರಿ ಆಗಲಿಲ್ಲ. "ಆಮೇಲೆ ಮಾಡ್ಕೊಡ್ತೀನಿ, ಈಗ ಬಾಂಡ್ ಮಾಡ್ಕೊಳ್ಳೋಣ" ಅಂದರು ಮಾರಿದವರು. 200 ರೂಪಾಯಿ ಇ-ಸ್ಟಾಂಪ್ ಕಾಗದದ ಮೇಲೆ ಕ್ರಯದ ಕರಾರು, ಒಂದು ಜಿಪಿಎ, ಒಂದು ಅಫಿಡವಿಟ್. ಮೂರಕ್ಕೂ ನೋಟರಿ ಸೀಲು, ಗುಂಡಗೆ, ಕೆಂಪಗೆ. ಕರಾರಿನ ಕೊನೆ ಪುಟದಲ್ಲಿ ಒಂದು ಸಾಲು: "ಈ ದಿನವೇ ಸ್ವತ್ತಿನ ಸ್ವಾಧೀನವನ್ನು ನಿಮಗೆ ಬಿಟ್ಟುಕೊಟ್ಟಿರುತ್ತೇನೆ."

ಬರೆದವರು ಒಳ್ಳೇದಕ್ಕೇ ಬರೆದಿರ್ತಾರೆ. ಆದರೆ ಆ ಸಾಲಿನ ಬೆಲೆ ಎಷ್ಟು ಅಂತ ಅವತ್ತು ಯಾರೂ ಹೇಳಲಿಲ್ಲ.

ಮಾರಿದವರು ತೀರಿಕೊಂಡರು. ಅಲ್ಲಿಗೆ ಜಿಪಿಎ ಕಥೆ ಮುಗೀತು ಅಂತಲೇ ಇಟ್ಕೊಳ್ಳಿ. ಅಧಿಕಾರ ಕೊಟ್ಟವರು ಸತ್ತರೆ ಸಾಮಾನ್ಯವಾಗಿ ಆ ಅಧಿಕಾರವೂ ಸಾಯುತ್ತೆ. ಮಕ್ಕಳನ್ನು ಕೇಳಿದರೆ "ಅಪ್ಪ ಮಾರಿದ್ದು ನಮಗೆ ಗೊತ್ತಿಲ್ಲ" ಅಂದರು. ಅವರನ್ನು ಬೈದು ಪ್ರಯೋಜನ ಇಲ್ಲ. ಇ.ಸಿ. ತೆಗೆಸಿದರೆ ಅದರಲ್ಲೂ ಇವರ ಹೆಸರಿಲ್ಲವಲ್ಲ! ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆದದ್ದು ಮಾತ್ರ ಇ.ಸಿ.ಯಲ್ಲಿ ಬರುತ್ತೆ. ನೋಟರಿ ತನ್ನ ಪುಸ್ತಕದಲ್ಲಿ ಬರ್ಕೊಂಡ ನಂಬರು ಅಲ್ಲಿಗೆ ಹೋಗೋದೇ ಇಲ್ಲ. "ಈ ವ್ಯಕ್ತಿ ನನ್ನೆದುರು ಸಹಿ ಮಾಡಿದ" ಅನ್ನೋದಷ್ಟೇ ನೋಟರಿಯ ಮಾತು. ಸೈಟು ಯಾರದ್ದಾಯ್ತು ಅಂತ ಅವರು ಹೇಳೋದಿಲ್ಲ, ಹೇಳೋಕೂ ಆಗಲ್ಲ.

ಸರಿ, ಕ್ರಯಪತ್ರ ಮಾಡಿಸಿಕೊಡಿ ಅಂತ ದಾವೆ ಹೂಡಿದ್ದಾಯ್ತು. ಸಾಕ್ಷಿ ಹೇಳೋ ದಿನ ಕರಾರನ್ನು ಸಾಕ್ಷ್ಯವಾಗಿ ಗುರುತು ಮಾಡಿಸಲು ಹೋದರೆ ಎದುರಿನ ವಕೀಲರು ಎದ್ದು ನಿಂತರು. "ಸ್ವಾಧೀನ ಕೊಟ್ಟಿದೆ ಅಂತ ಪತ್ರವೇ ಹೇಳ್ತಿದೆ ಸ್ವಾಮಿ, ಸ್ಟಾಂಪ್ ಸಾಲದು." ನಿಜ. ಕರ್ನಾಟಕ ಸ್ಟಾಂಪ್ ಕಾಯ್ದೆಯಲ್ಲಿ, ಸ್ವಾಧೀನ ಕೊಟ್ಟ ಕ್ರಯದ ಕರಾರಿಗೆ ಕ್ರಯಪತ್ರಕ್ಕೆ ಎಷ್ಟೋ ಅಷ್ಟೇ ಸುಂಕ. ಅದೂ ಮಾರುಕಟ್ಟೆ ಬೆಲೆಯ ಮೇಲೆ.

ಲೆಕ್ಕ ಹಾಕಿ. ಮಾರುಕಟ್ಟೆ ಬೆಲೆ 12 ಲಕ್ಷವೇ ಅಂತ ಇಟ್ಕೊಳ್ಳೋಣ. ಅವತ್ತಿನ ಶೇ. 5ರಂತೆ ಸುಂಕ 60,000. ಸೆಸ್, ಸರ್ಚಾರ್ಜು ಬಿಟ್ಟೇ ಹೇಳ್ತಿದ್ದೇನೆ. ಕಟ್ಟಿದ್ದು 200. ಬಾಕಿ 59,800. ಕೋರ್ಟು ಆ ಪತ್ರವನ್ನು ಸಾಕ್ಷ್ಯವಾಗಿ ತಗೋಬೇಕು ಅಂದ್ರೆ ಬಾಕಿಯ ಜೊತೆಗೆ ಅದರ ಹತ್ತು ಪಟ್ಟು ದಂಡ. ಅಂದರೆ 5,98,000. ಒಟ್ಟು 6,57,800 ರೂಪಾಯಿ. ಸೈಟಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ! ಜಡ್ಜ್ ಸಾಹೇಬರು ಅಯ್ಯೋ ಪಾಪ ಅಂದರೂ ಅದನ್ನು ಕಡಿಮೆ ಮಾಡೋ ಹಾಗಿಲ್ಲ. ಆ ದಂಡದಲ್ಲಿ ಕೋರ್ಟಿಗೆ ರಿಯಾಯಿತಿ ಕೊಡೋ ಅಧಿಕಾರ ಇಲ್ಲ ಅಂತ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ.

ಇರೋ ದಾರಿ ಒಂದೇ. ಕೋರ್ಟು ದಂಡ ಹಾಕೋ ಮೊದಲೇ "ಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳಿಸಿ" ಅಂತ ಕೇಳ್ಕೋಬೇಕು. ಅಲ್ಲೂ ಹತ್ತು ಪಟ್ಟಿನವರೆಗೆ ಹಾಕಬಹುದು, ಆದರೆ ಕಡಿಮೆ ಮಾಡೋ ಅಧಿಕಾರ ಅವರಿಗಿದೆ. ನಾವು ಅದನ್ನೇ ಕೇಳಿದ್ದೇವೆ.

ಈಗ ನಿಜವಾದ ತಮಾಷೆ ಕೇಳಿ. ಇಷ್ಟೆಲ್ಲ ಕಟ್ಟಿದರೂ ಪತ್ರ ನೋಂದಣಿ ಆದ ಹಾಗಲ್ಲ. ಸ್ಟಾಂಪು ಮತ್ತು ನೋಂದಣಿ ಒಂದೇ ಬಾಗಿಲಿಗಿರೋ ಎರಡು ಬೇರೆ ಬೀಗ. ದಂಡ ಕಟ್ಟಿದರೆ ತೆಗೆಯೋದು ಮೊದಲನೇದು ಮಾತ್ರ. ನೋಂದಣಿ ಇಲ್ಲದ ಕರಾರು ಹಿಡ್ಕೊಂಡು "ಸ್ವಾಧೀನದಲ್ಲಿದ್ದೀನಿ, ನನ್ನನ್ನು ಎಬ್ಬಿಸಬೇಡಿ" ಅನ್ನೋ ರಕ್ಷಣೆ 2001ರ ತಿದ್ದುಪಡಿ ಆದ ಮೇಲೆ ಸಿಗೋದಿಲ್ಲ. ಉಳಿಯೋದು, ಒಪ್ಪಂದ ಆಗಿತ್ತು ಅಂತ ತೋರಿಸಿ ಕ್ರಯಪತ್ರ ಕೇಳೋ ದಾವೆಗೆ ಅದನ್ನು ಸಾಕ್ಷ್ಯ ಮಾಡ್ಕೊಳ್ಳೋದು. ಅದಕ್ಕೂ ಮೂರು ವರ್ಷದ ಗಡುವು ಇದೆ. ಕ್ರಯಪತ್ರ ಮಾಡಿಕೊಡೋಕೆ ಕರಾರಿನಲ್ಲಿ ದಿನಾಂಕ ಇದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಒಲ್ಲೆ ಅಂದದ್ದು ಗೊತ್ತಾದ ದಿನದಿಂದ. ಇವರ ಕರಾರಿನಲ್ಲಿ "ಇ-ಸ್ವತ್ತು ಆದ ನಂತರ" ಅಂತಷ್ಟೇ ಇತ್ತು. ಅದರಿಂದ ಬದುಕಿಕೊಂಡೆವು.

"ನೀವು ವಕೀಲರು ಹೀಗೇ ಹೆದರಿಸ್ತೀರಿ, ಖರ್ಚು ನೋಡಿದ್ದೀರಾ?" ಅಂತ ಕೆಲವರು ಕೇಳ್ತಾರೆ. ನೋಡಿದ್ದೇನೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ 2ಕ್ಕೆ ಹೋಯ್ತು. ಈಗ ಎಲ್ಲ ಸೇರಿ ಶೇ. 7.6ರ ಹತ್ತಿರ. ಬರೆ ಹಾಕಿದ ಹಾಗೇ ಇದೆ, ಒಪ್ತೀನಿ. ಸರ್ಕಾರವನ್ನು ಬೈಯೋದಾದ್ರೆ ನಾನೂ ಬರ್ತೀನಿ. ಆದರೆ ಈ ಮನುಷ್ಯ 2016ರಲ್ಲಿ ಉಳಿಸಿದ್ದು ಹತ್ತಿರ ಹತ್ತಿರ 80 ಸಾವಿರ. ಈಗ ಎದುರಿಗಿರೋದು ಆರೂವರೆ ಲಕ್ಷ, ಮೇಲೆ ನನ್ನ ಫೀಸು. ನಾನೇನೂ ಪುಕ್ಕಟೆ ಮಾಡ್ತಿಲ್ಲ ಸ್ವಾಮಿ.

"ಇ-ಸ್ವತ್ತೇ ಆಗಿರಲಿಲ್ಲ, ಇನ್ನೇನು ಮಾಡೋದು?" ಅನ್ನೋದು ಇನ್ನೊಂದು ವಾದ. ಇದಕ್ಕೆ ಉತ್ತರ ಒರಟಾಗಿದೆ: ಪೂರ್ತಿ ದುಡ್ಡು ಕೊಡಬಾರದಿತ್ತು. ಕಾಗದ ಆಗದ ಸೈಟಿಗೆ ಕಾಗದ ಆಗಿರೋ ಸೈಟಿನ ಬೆಲೆ ಯಾಕೆ? ಜಿಪಿಎ ಮೇಲೆ ನಡೆಯೋ ಈ ವ್ಯಾಪಾರದಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದ್ದು 2011ರಲ್ಲಿ. ಇವರ ಕರಾರು ಆದದ್ದು ಅದಾಗಿ ಐದು ವರ್ಷಕ್ಕೆ. ಬರೆದುಕೊಟ್ಟವರಿಗೆ ಅದು ಗೊತ್ತಿರಲಿಲ್ಲ ಅಂದ್ರೆ ನಾನು ನಂಬಲ್ಲ.

ಸೈಟು ತಗೊಂಡೋರು ಇವತ್ತೇ ಬೀರು ತೆಗೆದು ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯ ದಸ್ತಾವೇಜು ನಂಬರು, ಅವರ ಮೊಹರು, ನಿಮ್ಮ ಫೋಟೊ, ಹೆಬ್ಬೆಟ್ಟಿನ ಗುರುತು ಪತ್ರದಲ್ಲಿ ಇದೆಯಾ? ಬರೀ ನೋಟರಿ ಸೀಲಾ? ಬರೆದುಕೊಟ್ಟು ನಾಲ್ಕು ತಿಂಗಳಾಗಿಲ್ಲ ಅಂದ್ರೆ, ಸುಂಕ ಸರಿಯಾಗಿ ಕಟ್ಟಿ, ಇ-ಸ್ವತ್ತು ಸರಿ ಇದ್ದರೆ ಅದನ್ನೇ ನೋಂದಣಿಗೆ ಹಾಜರು ಮಾಡಬಹುದು. ತಡವಾದದ್ದಕ್ಕೆ ತಕ್ಕ ಕಾರಣ ಇದ್ದರೆ ದಂಡ ಕಟ್ಟಿ ಮತ್ತೆ ನಾಲ್ಕು ತಿಂಗಳು. ಅದೂ ದಾಟಿದರೆ ಹಳೇ ಪತ್ರ ಬಿಟ್ಟುಬಿಡಿ. ಮಾರಿದವರು ಇನ್ನೂ ಗಟ್ಟಿಯಾಗಿದ್ದರೆ ಹೋಗಿ ಕೈಕಾಲು ಹಿಡಿದು ಹೊಸ ಕ್ರಯಪತ್ರ ಮಾಡಿಸಿಕೊಳ್ಳಿ.

ಇನ್ನು ಇನ್‌ಬಾಕ್ಸಿಗೆ ಪತ್ರದ ಫೋಟೊ ಕಳಿಸಬೇಡಿ, ದಯವಿಟ್ಟು. ಮೂಲ ಪತ್ರ ತಗೊಂಡು ಬನ್ನಿ. ಜೆರಾಕ್ಸಿಗೆ ಸುಂಕ, ದಂಡ ಕಟ್ಟಿ ಸರಿ ಮಾಡಿಸೋದಕ್ಕೆ ಕಾನೂನಿನಲ್ಲಿ ದಾರಿಯೇ ಇಲ್ಲ.