ಸತ್ಯಾಂಶ: ಕೇಳಿದರೆ ಕೆಡುಕಾಗುತ್ತದೆಯೇ?

“ಮನಸ್ಸು ಕುಗ್ಗಿದವರ ಹತ್ತಿರ ಸಾವಿನ ಮಾತೆತ್ತಬೇಡಿ, ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ.”

ಹಲವರು ಹೇಳುವ ಈ ಮಾತು ನಿಜವಲ್ಲ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಕೇಳುವುದರಿಂದ ಅಂಥ ಯೋಚನೆ ಹುಟ್ಟುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಎಷ್ಟೋ ಜನರಿಗೆ ಅದರಿಂದ ಮನಸ್ಸು ಹಗುರಾಗುವುದೇ ಹೆಚ್ಚು.

ಆದರೆ ಕೇಳುವ ರೀತಿ ಮುಖ್ಯ. ಮಂಡ್ಯದ ಕಡೆ ಆಲೆಮನೆಯಲ್ಲಿ ದುಡಿಯುವ ಗೆಳೆಯನನ್ನು “ಚೆನ್ನಾಗಿದ್ದೀಯಾ?” ಎಂದರೆ “ಹ್ಞೂಂ, ನಡೀತದೆ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು, ಅವನೊಬ್ಬನೇ ಇರುವಾಗ, ಕಣ್ಣಾರೆ ಕಂಡದ್ದನ್ನೇ ಮುಂದಿಟ್ಟು, “15 ದಿನದಿಂದ ಕೆಲಸಕ್ಕೆ ಬಂದಿಲ್ಲ, ಊಟವೂ ಸೇರ್ತಿಲ್ಲ, ನಿಜವಾಗ್ಲೂ ಹೆಂಗಿದ್ದೀಯಪ್ಪ?” ಎಂದು ಕೇಳಿ, ಉತ್ತರ ತಡವಾದರೂ ಸುಮ್ಮನೆ ಕಾಯಬೇಕು. “ಬದುಕಿ ಏನು ಪ್ರಯೋಜನ” ಎಂಬ ಮಾತು ಬಂದರೆ, “ಸಾಯಬೇಕು ಅನ್ನಿಸ್ತಿದೆಯಾ?” ಎಂದೇ ಕೇಳಬೇಕು. “ಅಂಥ ಹುಚ್ಚು ಯೋಚನೆ ಇಲ್ಲ ತಾನೆ?” ಎಂದರೆ “ಇಲ್ಲ” ಎನ್ನದೆ ಅವನಿಗೆ ಬೇರೆ ದಾರಿಯಿರುವುದಿಲ್ಲ.

“ಹೌದು” ಎಂದರೆ ಬುದ್ಧಿವಾದ ಬೇಡ, ಗುಟ್ಟಾಗಿಡುವ ಭಾಷೆಯೂ ಬೇಡ. ಜೊತೆಯಲ್ಲೇ ಕುಳಿತು, ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೂ ಸಿಗುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿ. ಹೇಗೆ, ಯಾವಾಗ ಎಂದು ಅವನು ಆಗಲೇ ನಿರ್ಧರಿಸಿದ್ದರೆ, ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. “ಇಲ್ಲ” ಎಂದರೂ ಎರಡು ದಿನ ಬಿಟ್ಟು ಮತ್ತೆ ವಿಚಾರಿಸಿ.