ಓಡಿಹೋದವನ ಬಾಡಿಗೆ ಯಾರ ತಲೆಗೆ?

ಪುಣೆಗೆ ಬಂದು ನೆಲೆಸಿದ ಮೇಲೂ ಬೆಳಗಾವಿಯ ಮನೆ ಬಾಡಿಗೆಯ ತಕರಾರುಗಳು ಫೋನಿನಲ್ಲಿ ಬರುತ್ತಲೇ ಇರುತ್ತವೆ. ಈ ಸಲದ್ದು ನಮ್ಮ ಅಣ್ಣನ ಮಗನದು. ಟಿಳಕವಾಡಿಯಲ್ಲಿ ಮೂವರು ಹುಡುಗರು ಸೇರಿ ಫ್ಲಾಟ್ ಹಿಡಿದಿದ್ದರು. ಬಾಡಿಗೆ 12,000, ತಲೆಗೆ 4,000. ಡಿಪಾಜಿಟ್ 40,000 ಪೂರ್ತಿ ನಮ್ಮಣ್ಣನೇ ಕಟ್ಟಿದ್ದ. ಬಾಂಡ್ ಪೇಪರ್ ಮೇಲೆ ಇದ್ದದ್ದೂ ಒಂದೇ ಹೆಸರು, ನಮ್ಮ ಹುಡುಗನದು. ಮಾಲಕರಿಗೆ ನಮ್ಮ ಮನೆತನ ಗೊತ್ತು, ಉಳಿದ ಇಬ್ಬರದು ಗೊತ್ತಿಲ್ಲ, ಅಷ್ಟೇ ಕಾರಣ. ಒಬ್ಬಾತ ಎರಡು ತಿಂಗಳ ಪಾಲು 8,000 ಕೊಡದೆ, ಬಾತ್‌ರೂಮಿನ ಬೇಸಿನ್ನು, ಬಾಗಿಲು ಮುರಿದು ಹೋದ. ರಿಪೇರಿಗೆ 6,000. ಮಾಲಕರು 14,000 ಮುರಿದುಕೊಂಡು 26,000 ವಾಪಸ್ ಕೊಟ್ಟರು.

‘ಕಾಕಾ, ಅಂವ ಮಾಡಿದ್ದಕ್ಕ ನಾ ಯಾಕ ಕೊಡಬೇಕು?’ ಎಂದು ಹುಡುಗ ಕೇಳಿದ. ಮೂರನೆಯವನು ‘ನನ್ನ ಪಾಲು ನಾ ಕೊಟ್ಟೀನಿ, ಮುಗೀತು’ ಎಂದು ಕೈ ತೊಳೆದುಕೊಂಡಿದ್ದ.

ಮಾಲಕರ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ. ಅವರು ಕರಾರು ಮಾಡಿಕೊಂಡದ್ದು ಒಬ್ಬನ ಜೊತೆ, ಕೇಳುವುದೂ ಅವನನ್ನೇ. ಉಳಿದಿಬ್ಬರು ಆ ಕಾಗದದ ಮಟ್ಟಿಗೆ ಮನೆಗೆ ಬಂದ ಬೀಗರಿದ್ದಂತೆ. ಪೇಂಟು ಮಾಸಿದ್ದು, ನಲ್ಲಿ ಸವೆದದ್ದು ಇಂಥ ಸಹಜ ಸವೆತಕ್ಕೆ ಹಣ ಮುರಿದಿದ್ದರೆ ಜಗಳಾಡಬಹುದಿತ್ತು. ಒಡೆದ ಬೇಸಿನ್ನಿಗೆ ಆ ಮಾತು ನಡೆಯುವುದಿಲ್ಲ.

ಪುಣೆಯಲ್ಲಿ ಪದ್ಧತಿ ಬೇರೆ. ಇಲ್ಲಿ ಮಾಡುವುದು ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಬಾಡಿಗೆದಾರನ ಹಕ್ಕು ಕೊಡದೆ ಇರಲು ಅನುಮತಿ ಮಾತ್ರ ಕೊಡುವ ಕಾಗದ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಅದನ್ನು ಬರೆದು ನೋಂದಣಿ ಮಾಡಿಸಲೇಬೇಕು, ಅದು ಮಾಲಕನ ಹೊಣೆ. ಆದ್ದರಿಂದ ಇರುವ ಹುಡುಗರೆಲ್ಲ ಫೋಟೊ ಕೊಟ್ಟು ಹೆಬ್ಬೆಟ್ಟು ಒತ್ತುವುದು ಇಲ್ಲಿ ಸಾಮಾನ್ಯ. ಬೆಳಗಾವಿಯಲ್ಲಿ ಹನ್ನೊಂದು ತಿಂಗಳ ಬಾಂಡ್ ಬರೆದು ನೋಟರಿ ಮಾಡಿಸಿದರೆ ಕೆಲಸ ಮುಗಿಯಿತು. ಒಂದು ವರ್ಷ ಮೀರಿದ ಬಾಡಿಗೆಗೆ ನೋಂದಣಿ ಕಡ್ಡಾಯ, ಅದಕ್ಕೇ ಆ ಹನ್ನೊಂದು.

ನೋಂದಣಿ ಆದ ಮಾತ್ರಕ್ಕೆ ಹುಡುಗರು ಪಾರಾದರು ಎಂದು ಪುಣೆಯವರು ತಿಳಿದಿರುವುದೂ ಸುಳ್ಳು. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಕಲಮು ಎರಡೂ ಊರಿಗೆ ಒಂದೇ. ಮೂವರು ಕೂಡಿ ಮಾತು ಕೊಟ್ಟಿದ್ದರೆ, ಕರಾರಿನಲ್ಲಿ ಬೇರೆ ಬರೆಯದ ಹೊರತು, ಮಾಲಕ ಯಾವನೊಬ್ಬನಿಂದಲೂ ಪೂರ್ತಿ ಹಣ ಕೇಳಬಹುದು. ‘ತಲೆಗೆ 4,000’ ಎಂಬುದು ಹುಡುಗರ ಒಳಗಿನ ಲೆಕ್ಕ, ಮಾಲಕನಿಗೆ ಸಂಬಂಧವಿಲ್ಲ.

ವ್ಯತ್ಯಾಸ ಬರುವುದು ಆಮೇಲೆ. ಪೂರ್ತಿ ಕೊಟ್ಟವನು ಉಳಿದವರಿಂದ ಸಮಪಾಲು ವಸೂಲಿ ಮಾಡಬಹುದು. ಒಬ್ಬ ಕೊಡದಿದ್ದರೆ ಆ ನಷ್ಟವನ್ನು ಉಳಿದವರು ಸಮನಾಗಿ ಹೊರಬೇಕು ಎಂದೂ ಅದೇ ಕಲಮು ಹೇಳುತ್ತದೆ. ಅಂದರೆ ಮೂವರೂ ಸಹಿ ಹಾಕಿದ್ದರೆ ಆ 14,000ದಲ್ಲಿ 7,000 ನಮ್ಮ ಹುಡುಗನಿಗೆ, 7,000 ಕೈ ತೊಳೆದುಕೊಂಡ ಆ ಮೂರನೆಯವನಿಗೆ ಬೀಳುತ್ತಿತ್ತು. ಇಬ್ಬರೂ ಓಡಿಹೋದವನ ಬೆನ್ನು ಹತ್ತಬಹುದಿತ್ತು. ಈಗ ಇಡೀ 14,000 ಒಬ್ಬನ ತಲೆಗೆ. ಹುಡುಗರೊಳಗಿನ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಆದರೆ ರುಜುವಾತು ಬೇಕು. ತಿಂಗಳಾ ಓಡಿಹೋದವನು ಯುಪಿಐಯಿಂದ ಹಾಕಿದ 4,000ದ ಲೆಕ್ಕ, ವಾಟ್ಸಾಪ್ ಮಾತುಕತೆ, ಇವನ್ನು ಅಳಿಸಬೇಡ ಎಂದು ನಮ್ಮ ಹುಡುಗನಿಗೆ ಹೇಳಿದ್ದೇನೆ.

ಪುಣೆಯ ಪದ್ಧತಿಗೂ ಒಂದು ಕೆಟ್ಟ ಬಾಲ ಇದೆ. ಒಬ್ಬ ಬಿಟ್ಟು ಹೋದಾಗ ಹೊಸ ಕರಾರು ಮಾಡಿಸುವ ಖರ್ಚು ಯಾರಿಗೂ ಬೇಡ. ಹೋದವನ ಹೆಸರು ಹಾಗೇ ಉಳಿಯುತ್ತದೆ. ‘ರೂಮ್‌ಮೇಟ್‌ಗಳಿಗೆ ಹೇಳಿ ಬಂದಿದ್ದೇನೆ’ ಎಂದು ಅವನು ನಿಶ್ಚಿಂತೆಯಿಂದ ಇರುತ್ತಾನೆ, ಆದರೆ ಮಾಲಕ ಒಪ್ಪಿ ಬರೆದುಕೊಡುವ ತನಕ ಅವನು ಬಿಡುಗಡೆಯಾಗುವುದಿಲ್ಲ. ಮುಂದಿನ ತಿಂಗಳು ಉಳಿದವರು ಒಡೆದದ್ದಕ್ಕೂ ಅವನನ್ನು ಕೇಳಲು ದಾರಿ ಇರುತ್ತದೆ. ಉಲ್ಟಾ, ಮಾಲಕ ‘ಹೋಗಲಿ ಬಿಡಪ್ಪಾ’ ಎಂದು ಒಬ್ಬನನ್ನು ಬಿಟ್ಟರೂ ಉಳಿದವರ ಹೊಣೆ ತಪ್ಪುವುದಿಲ್ಲ, ಬಿಡಿಸಿಕೊಂಡವನು ಗೆಳೆಯರಿಗೆ ಕೊಡಬೇಕಾದ ಪಾಲೂ ಮಾಫಿ ಆಗುವುದಿಲ್ಲ. ಅದು 44ನೇ ಕಲಮು.

ಆದರೂ ನನ್ನ ಮತ ಪುಣೆಯ ಕಡೆಗೇ. ಮೂರೂ ಹೆಸರು ಇರಲಿ, ಡಿಪಾಜಿಟ್ಟೂ ಮೂವರದೇ ಇರಲಿ. ಜೊತೆಗೆ ಹುಡುಗರು ತಮ್ಮೊಳಗೆ ಇನ್ನೊಂದು ಹಾಳೆ ಬರೆದುಕೊಳ್ಳಲಿ: ಯಾರ ಪಾಲು ಎಷ್ಟು, ಒಡೆದವನೇ ಕಟ್ಟುವುದು, ಬಿಡುವ ಒಂದು ತಿಂಗಳ ಮೊದಲು ಹೇಳುವುದು, ಲೆಕ್ಕ ಚುಕ್ತಾ ಆಗುವವರೆಗೆ ಅವನ ಡಿಪಾಜಿಟ್ ಪಾಲು ತಡೆಹಿಡಿಯುವುದು. ಓಡಿಹೋದವನ ಮೂರನೇ ಒಂದು ಪಾಲು, ಸುಮಾರು 13,300, ಆ ಡಿಪಾಜಿಟ್ಟಿನಲ್ಲಿ ಇದ್ದಿದ್ದರೆ ಈಗಿನ ಜಗಳ ಸುಮಾರು ಏಳು ನೂರು ರೂಪಾಯಿಗೆ ಮಾತ್ರ. ‘ಗೆಳ್ಯಾರೊಳಗ ಇಷ್ಟೆಲ್ಲಾ ಬರಕೊಂತಾರೇನೋ?’ ಎಂದು ಅಣ್ಣ ನಕ್ಕ. ಹಿಂದವಾಡಿಯಲ್ಲಿ ನೋಡಿದ ಹೊಸ ಫ್ಲಾಟಿನ ಬಾಂಡ್ ಮೇಲೆ ಮತ್ತೆ ಒಂದೇ ಹೆಸರು ಹಾಕಿಸಲು ಮಾತ್ರ ಅವನು ಒಪ್ಪಿಲ್ಲ.